ಬಾಡಿಗೆ ಮನೆಯ ಏಸಿ, ಗೋಡೆಯ ತೂತು

ಏಸಿ ಕೂರಿಸಲು ಬರುವ ಹುಡುಗ ಡಬ್ಬಿ ಬಿಚ್ಚುವ ಮೊದಲೇ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ. ಆಮೇಲೆ ಕೇಳುತ್ತಾನೆ: "ತೂತು ಎಲ್ಲಿ ಹೊಡೀಲಿ ಸರ್? ಓನರ್‌ಗೆ ಹೇಳಿದ್ದೀರಾ?" ಸ್ವಂತ ಮನೆಯವರಿಗೆ ಇದರಲ್ಲಿ ಮೊದಲನೆಯದು ಮಾತ್ರ ಪ್ರಶ್ನೆ. ಬಾಡಿಗೆದಾರರಿಗೆ ಎರಡನೆಯದೇ ದೊಡ್ಡದು. ಅದಕ್ಕೆ "ಹ್ಞೂಂ, ಫೋನಲ್ಲಿ ಹೇಳಿದ್ದೀನಿ" ಎಂದು ಉತ್ತರಿಸಿ ಕೆಲಸ ಮುಗಿಸಿಕೊಂಡವರು ಎರಡು ವರ್ಷದ ನಂತರ ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಎಂಟು ಸಾವಿರ ಕಡಿತವಾದದ್ದನ್ನು ನೋಡಿ ತಬ್ಬಿಬ್ಬಾಗುತ್ತಾರೆ.

ಏಸಿ ಯಾರದು ಎಂಬ ಬಗ್ಗೆ ಸಾಮಾನ್ಯವಾಗಿ ಜಗಳವೇ ಇರುವುದಿಲ್ಲ. ದುಡ್ಡು ಕೊಟ್ಟವನದು, ಬಿಲ್ ಅವನ ಹೆಸರಿನಲ್ಲಿದೆ. ಜಗಳ ಹುಟ್ಟುವುದು ಏಸಿಯ ಜೊತೆ ಮನೆಗೆ ಸೇರಿಕೊಂಡ ಸಂಗತಿಗಳಿಂದ: ಗೋಡೆಯ ತೂತು, ಹೊಸದಾಗಿ ಎಳೆದ ವೈರು, ಹೊರಗೋಡೆಗೆ ಬಡಿದ ಸ್ಟ್ಯಾಂಡು, ವಾಟರ್ ಫಿಲ್ಟರ್ ಆದರೆ ಅಡುಗೆಮನೆಯ ಟೈಲ್ಸಿಗೆ ಬಿದ್ದ ಎರಡು ಕಣ್ಣು. ಯಂತ್ರವನ್ನು ಬಿಚ್ಚಿಕೊಂಡು ಹೋಗಬಹುದು, ಇವನ್ನು ಒಯ್ಯಲಾಗದು. ಆದ್ದರಿಂದ ಅನುಮತಿ ಕೇಳುವಾಗ ಮಾತಾಡಬೇಕಾದದ್ದು ಇವುಗಳ ಬಗ್ಗೆ. ಬೆಂಗಳೂರಿನ ಬಾಡಿಗೆ ಮನೆಯನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

## ಕಾನೂನು ಏನು ಹೇಳುತ್ತದೆ

ಬಾಡಿಗೆ ಎಂದೊಡನೆ ಎಲ್ಲರ ಬಾಯಿಗೆ ಬರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಈಗ ಆ ಬಾಡಿಗೆಗೆ ಒಂದು ಕೋಣೆ ಸಿಗುವುದೂ ಕಷ್ಟ. ಹೀಗಾಗಿ ಬಹುಪಾಲು ಮನೆಗಳ ವಿಷಯದಲ್ಲಿ ಉಳಿಯುವುದು ಎರಡೇ: ನೀವು ಸಹಿ ಮಾಡಿದ ಹನ್ನೊಂದು ತಿಂಗಳ ಕರಾರುಪತ್ರ, ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಆ ಹಳೆಯ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ನಮಗೆ ಬೇಕಾದ ಮೂರು ಮಾತುಗಳಿವೆ. ಬಾಡಿಗೆದಾರ ತಾನು ಸ್ವತ್ತಿಗೆ ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ತಾನು ಪಡೆದಾಗಿನ ಸ್ಥಿತಿಯಲ್ಲೇ ಬಿಡಬೇಕು, ಇದು ಒಂದು. ಸಹಜ ಸವೆತವನ್ನೂ ತಡೆಯಲಾಗದ ಶಕ್ತಿಯಿಂದಾದದ್ದನ್ನೂ ಬಿಟ್ಟು ಉಳಿದ ಹಾನಿಗೆ ಅವನೇ ಹೊಣೆ, ಇದು ಎರಡು. ಮಾಲೀಕರ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟೋಣ ಕಟ್ಟುವಂತಿಲ್ಲ; ಇದು ಮೂರು. ಏಸಿ ಶಾಶ್ವತ ಕಟ್ಟೋಣ ಅಲ್ಲ. ಆದ್ದರಿಂದ ಅನುಮತಿಯೇ ಬೇಡ ಎಂದು ವಾದಿಸುವವರಿದ್ದಾರೆ. ಆದರೆ 108ನೇ ಸೆಕ್ಷನ್ ಶುರುವಾಗುವುದೇ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಎಂಬ ಷರತ್ತಿನೊಂದಿಗೆ. ನಮ್ಮ ಕರಾರುಪತ್ರಗಳಲ್ಲಿ ಬೇರೆ ಮಾತು ಇದ್ದೇ ಇರುತ್ತದೆ. ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿರುವ ನಮೂನೆಯ ಏಳನೆಯದೋ ಎಂಟನೆಯದೋ ಅಂಶದಲ್ಲಿ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಯಾವ ಮಾರ್ಪಾಡನ್ನೂ ಮಾಡತಕ್ಕದ್ದಲ್ಲ ಎಂದು ಬರೆದಿರುತ್ತದೆ. ಓದದೆ ಸಹಿ ಹಾಕಿದ್ದರೂ ಅದು ನಿಮ್ಮನ್ನು ಕಟ್ಟುತ್ತದೆ.

ಮೊದಲ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಮಂದಿ ಎಡವುವುದು ಅಲ್ಲೇ. ಬಿಚ್ಚಿಕೊಳ್ಳುವ ಹಕ್ಕು ಇರುವುದು ಮನೆ ನಿಮ್ಮ ವಶದಲ್ಲಿರುವವರೆಗೆ ಮಾತ್ರ. ಕರಾರಿನ ಅವಧಿ ಮುಗಿದಿದ್ದರೂ ನೀವು ಮನೆಯಲ್ಲಿದ್ದರೆ ಬಿಚ್ಚಬಹುದು. ಬೀಗದ ಕೈ ಕೊಟ್ಟಮೇಲೆ ಆಗದು. "ಏಸಿ ಇರ್ಲಿ ಅಂಕಲ್, ಮುಂದಿನ ವಾರ ಮೆಕ್ಯಾನಿಕ್ ಕಳಿಸ್ತೀನಿ" ಎಂದು ಕೀ ಕೊಟ್ಟು ಹೊರಟವರು ಆಮೇಲೆ ಮಾಲೀಕರ ದಾಕ್ಷಿಣ್ಯದ ಮೇಲೆ ಬದುಕಬೇಕು. ಅಷ್ಟರಲ್ಲಿ ಹೊಸ ಬಾಡಿಗೆದಾರರು ಬಂದು, ಮನೆ ನೋಡುವಾಗ ಏಸಿ ಇತ್ತು, ಅದಕ್ಕೇ ಒಪ್ಪಿದೆವು ಎಂದರೆ ಮಾಲೀಕರೂ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ.

## ಏಸಿ ಗೋಡೆಗೆ ಮಾಡುವುದೇನು

ಸ್ಪ್ಲಿಟ್ ಏಸಿ ಎಂದರೆ ಒಳಗೊಂದು ಯೂನಿಟ್, ಹೊರಗೊಂದು ಯೂನಿಟ್, ನಡುವೆ ಎರಡು ತಾಮ್ರದ ಪೈಪು, ಒಂದು ವೈರು, ನೀರು ಹೋಗಲು ಒಂದು ಡ್ರೈನ್ ಪೈಪು. ಇವೆಲ್ಲ ಒಟ್ಟಾಗಿ ಗೋಡೆ ದಾಟಲು ಎರಡೂವರೆಯಿಂದ ಮೂರು ಇಂಚು ಅಗಲದ ತೂತು ಬೇಕು. ಅದನ್ನು ಕೊರೆಯಲು ಎರಡು ದಾರಿ. ಸುತ್ತಿಗೆ ಡ್ರಿಲ್ಲಿನಲ್ಲಿ ಸುತ್ತ ಸಣ್ಣ ಸಣ್ಣ ತೂತು ಹೊಡೆದು ನಡುವಿನದನ್ನು ಒಡೆದು ತೆಗೆಯುವುದು ಅಗ್ಗದ ದಾರಿ. ಹೊರಗಡೆ ಗಾರೆ ಅಂಗೈಯಗಲ ಕಿತ್ತು ಬರುವುದು ಇದರಲ್ಲೇ. ಕೋರ್ ಕಟಿಂಗ್ ಯಂತ್ರದಲ್ಲಾದರೆ ಬಳೆ ಇಟ್ಟು ಕತ್ತರಿಸಿದಂತೆ ದುಂಡಗೆ ಬರುತ್ತದೆ. ಅದಕ್ಕೆ ಬೇರೆಯೇ ಕೂಲಿ. ಮನೆ ನಿಮ್ಮದಲ್ಲ ಎಂದಾದರೆ ಆ ಕೂಲಿಯನ್ನು ಕೊಟ್ಟುಬಿಡುವುದೇ ವಾಸಿ.

ತೂತು ಎಲ್ಲಿ ಬೀಳುತ್ತದೆ ಎಂಬುದು ಅಗಲಕ್ಕಿಂತ ಮುಖ್ಯ. ಇಟ್ಟಿಗೆ ಅಥವಾ ಬ್ಲಾಕಿನ ಗೋಡೆಗೆ ಕೊರೆದರೆ ಮುಚ್ಚಬಹುದು. ಕಾಂಕ್ರೀಟಿನ ಕಂಬಕ್ಕೋ ತೊಲೆಗೋ ಕೊರೆದರೆ ಒಳಗಿನ ಕಬ್ಬಿಣ ತುಂಡಾಗುತ್ತದೆ, ಅದನ್ನು ಪುಟ್ಟಿಯಿಂದ ಸರಿಮಾಡಲಾಗದು. ಕಿಟಕಿಯ ಮೇಲಿನ ಲಿಂಟಲ್ ಕೂಡ ಕಾಂಕ್ರೀಟೇ ಎಂಬುದನ್ನು ಅವಸರದ ಹುಡುಗರು ಮರೆಯುತ್ತಾರೆ. ಡ್ರಿಲ್ ಮಾಡುವಾಗ ಕೆಂಪು ಪುಡಿಯ ಬದಲು ಬೂದು ಪುಡಿ ಬಂದು, ಬಿಟ್ ಮುಂದೆ ಹೋಗದೆ ಕಿರುಚತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಬ್ಲಾಕಿನ ಗೋಡೆಯಾದರೆ ಪುಡಿ ಮೊದಲಿನಿಂದಲೂ ಬೂದು. ಅಲ್ಲಿ ಕಿರುಚುವ ಸದ್ದೇ ಗುರುತು.

ಇನ್ನು ಇಳಿಜಾರು. ತೂತು ಒಳಗಿನಿಂದ ಹೊರಕ್ಕೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿದಿರಬೇಕು. ಮಟ್ಟವಾಗಿದ್ದರೆ ಅಥವಾ ಒಳಕ್ಕೆ ಇಳಿದಿದ್ದರೆ ಡ್ರೈನ್ ನೀರು ಮಲಗುವ ಕೋಣೆಗೇ ಬರುತ್ತದೆ. ಮಳೆಗಾಲದಲ್ಲಿ ಹೊರಗಿನ ನೀರೂ ಅದೇ ದಾರಿ ಹಿಡಿಯುತ್ತದೆ. ಮೊದಲ ಗುರುತು ಒಳಗಿನ ಯೂನಿಟ್ಟಿನ ಕೆಳಗೆ ಬಣ್ಣ ಉಬ್ಬುವುದು. ಮಾಲೀಕರ ನಿಜವಾದ ಭಯ ಇದೇ, ಅದು ಅನ್ಯಾಯದ ಭಯವೂ ಅಲ್ಲ. ತೂತಿನೊಳಗೆ ಪಿವಿಸಿ ಪೈಪಿನ ತುಂಡೊಂದನ್ನು ತೂರಿಸಿ, ಸುತ್ತ ಸಿಮೆಂಟ್ ಕೊಟ್ಟು, ಪೈಪುಗಳನ್ನು ಅದರೊಳಗೆ ಹಾಯಿಸಿದರೆ ಗೋಡೆಗೆ ನೀರು ತಾಗುವುದಿಲ್ಲ. ಹೋಗುವಾಗಲೂ ಅನುಕೂಲ. ಎರಡೂ ಬದಿಗೆ ಮುಚ್ಚಳ ಒತ್ತಿದರೆ ಮುಗಿಯಿತು. ನನ್ನ ಮಟ್ಟಿಗೆ, ತೂತನ್ನು ಮುಚ್ಚಿ ಬಣ್ಣ ಬಳಿಯುವುದಕ್ಕಿಂತ ಇದೇ ಮಾಲೀಕರಿಗೆ ಲಾಭ. ಮುಂದೆ ಬರುವವರೂ ಏಸಿ ತಂದರೆ ಅದೇ ಗೋಡೆಗೆ ಇನ್ನೊಂದು ತೂತು ಬೀಳುವುದಿಲ್ಲ.

## ವೈರು, ಲೋಡು ಮತ್ತು ಇನ್ನೂರು ಯೂನಿಟ್

ಒಂದೂವರೆ ಟನ್ ಏಸಿ ಜೋರಾಗಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪವರ್ ಪಾಯಿಂಟ್ ಬೇಕು. ಆ ಪಾಯಿಂಟಿಗೆ ಮೇನ್ ಬೋರ್ಡಿನಿಂದಲೇ ಬೇರೆ ವೈರು, ಬೇರೆ ಎಂಸಿಬಿ ಇರಬೇಕು. ಹಳೆಯ ಮನೆಗಳಲ್ಲಿ ಗೀಜರಿನ ಪಾಯಿಂಟ್ ಮಾತ್ರ ಹೀಗಿರುತ್ತದೆ, ಅದು ಬಚ್ಚಲಲ್ಲಿರುತ್ತದೆ. ಮಲಗುವ ಕೋಣೆಯ ದೊಡ್ಡ ಸಾಕೆಟ್ ಕಂಡು ಪ್ಲಗ್ ಸಿಕ್ಕಿಸಿದವರಿಗೆ, ಅದರ ಹಿಂದೆ ಲೈಟಿನ ತೆಳು ವೈರೇ ಇತ್ತು ಎಂದು ತಿಳಿಯುವುದು ಸ್ವಿಚ್ ಬೋರ್ಡ್ ಬಿಸಿಯಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ. ಎಲೆಕ್ಟ್ರಿಷಿಯನ್‌ಗೆ ತೋರಿಸಿ, ವೈರ್ ಎರಡೂವರೆ ಅಥವಾ ನಾಲ್ಕು ಸ್ಕ್ವೇರ್ ಎಂಎಂನ ತಾಮ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊಸದಾಗಿ ಎಳೆಸಿದರೆ ಅದು ಗೋಡೆಯ ಕೊಳವೆಯೊಳಗೆ ಹೋಗುತ್ತದೆ, ಮನೆಯಲ್ಲೇ ಉಳಿಯುತ್ತದೆ. ಮಾಲೀಕರ ಆಸ್ತಿಗೆ ಸೇರುವ ಈ ಖರ್ಚನ್ನು ಹಂಚಿಕೊಳ್ಳಿ ಎಂದು ಕೇಳುವುದು ನ್ಯಾಯವಾದದ್ದೇ.

ಮಂಜೂರಾದ ಲೋಡ್ ಎಂಬುದು ಕರೆಂಟ್ ಬಿಲ್ಲಿನ ಮೇಲ್ಭಾಗದಲ್ಲೇ ಇರುತ್ತದೆ. ಒಂದೋ ಎರಡೋ ಕಿಲೋವ್ಯಾಟ್ ಇರುವ ಮನೆಗೆ ಏಸಿ ಸೇರಿಸಿದರೆ, ಗೀಜರೂ ಜೊತೆಗೆ ಓಡಿದ ಹೊತ್ತಿನಲ್ಲಿ ಲೋಡ್ ಮೀರುತ್ತದೆ. ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕಬೇಕು. ಆರ್.ಆರ್. ನಂಬರ್ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುವುದರಿಂದ ಇದು ಅವರ ಸಹಿಯ ಕೆಲಸ. ಲೋಡ್ ಹೆಚ್ಚಿದಷ್ಟೂ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ, ನೀವು ಹೋದಮೇಲೂ ಅದು ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕರ್ನಾಟಕದ ಬಾಡಿಗೆದಾರರಿಗೆ ಇನ್ನೊಂದು ಲೆಕ್ಕವಿದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಮಾತ್ರ ದುಡ್ಡು, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದು. ಒಂದೂವರೆ ಟನ್ನಿನ ಮೂರು ಸ್ಟಾರ್ ಇನ್ವರ್ಟರ್ ಏಸಿ ಸರಾಸರಿಯಲ್ಲಿ ಗಂಟೆಗೆ ಸುಮಾರು 0.6 ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240 ಗಂಟೆ, ಅಂದರೆ 144 ಯೂನಿಟ್. ಮೊದಲೇ 90 ಯೂನಿಟ್ ಬಳಸುತ್ತಿದ್ದ ಮನೆ 234ಕ್ಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳ ಬಿಲ್ ನೋಡಿ ಮೀಟರ್ ಕೆಟ್ಟಿದೆ ಎನ್ನುವವರ ಮನೆಯಲ್ಲಿ ಹಲವು ಸಲ ಮೀಟರ್ ಸರಿಯಾಗಿಯೇ ಇರುತ್ತದೆ.

## ಅಪಾರ್ಟ್‌ಮೆಂಟಿನಲ್ಲಿ

ಇಲ್ಲಿ ಫ್ಲ್ಯಾಟ್ ಮಾಲೀಕರ ಒಪ್ಪಿಗೆ ಅರ್ಧ ಮಾತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮುಖ್ಯ ಗೋಡೆ, ಕಂಬ, ತೊಲೆಗಳನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಭಾಗಗಳೆಂದು ಎಣಿಸುತ್ತದೆ. ಹೊರಗೋಡೆಗೆ ಸ್ಟ್ಯಾಂಡ್ ಬಡಿಯಬೇಕಾದರೆ ಅಸೋಸಿಯೇಷನ್ನನ್ನು ಕೇಳಬೇಕು. ಬಹಳಷ್ಟು ಕಡೆ ಹೊರಗಿನ ಯೂನಿಟ್ಟನ್ನು ಯುಟಿಲಿಟಿ ಬಾಲ್ಕನಿಯಲ್ಲೋ ಡಕ್ಟ್ ಬದಿಯಲ್ಲೋ ಮಾತ್ರ ಇಡಬೇಕೆಂಬ ನಿಯಮವಿರುತ್ತದೆ. ಆಗ ತಾಮ್ರದ ಪೈಪು ಏಸಿಯ ಜೊತೆ ಬರುವ ಮೂರು ಮೀಟರಿಗೆ ಮುಗಿಯದೆ ಆರೋ ಎಂಟೋ ಮೀಟರ್ ಬೇಕಾಗುತ್ತದೆ, ಖರ್ಚು ಅಲ್ಲೇ ಏರುತ್ತದೆ.

## ವಾಟರ್ ಫಿಲ್ಟರ್: ಸಣ್ಣ ಯಂತ್ರ, ದುಬಾರಿ ಟೈಲ್ಸ್

ಫಿಲ್ಟರಿಗೆ ಯಾರು ಅನುಮತಿ ಕೇಳುತ್ತಾರೆ ಎನ್ನಿಸಬಹುದು. ಎರಡು ಸ್ಕ್ರೂ, ಬಳಪದ ದಪ್ಪದ ಒಂದು ಪೈಪು, ನಲ್ಲಿಯ ಬುಡದಲ್ಲಿ ಒಂದು ಟೀ ವಾಲ್ವ್, ಅಷ್ಟೇ. ಆದರೆ ಆ ಎರಡು ಸ್ಕ್ರೂ ಬೀಳುವುದು ಟೈಲ್ಸಿನ ಮೇಲೆ. ಟೈಲ್ಸ್ ಬಿರುಕು ಬಿಟ್ಟರೆ ಅದೇ ಬಣ್ಣ, ಅದೇ ಡಿಸೈನಿನ ಟೈಲ್ಸು ಐದು ವರ್ಷದ ನಂತರ ಅಂಗಡಿಯಲ್ಲಿ ಸಿಗುವುದಿಲ್ಲ. ಗೋಡೆಯ ಮೂರಿಂಚಿನ ತೂತು ಮುಚ್ಚಿದರೆ ಕಾಣುವುದಿಲ್ಲ, ಟೈಲ್ಸಿನ ಕೂದಲೆಳೆ ಬಿರುಕು ಕಾಣುತ್ತಲೇ ಇರುತ್ತದೆ. ಎರಡು ಟೈಲ್ಸ್ ಸೇರುವ ಸಂದಿಯಲ್ಲಿ ಕೊರೆಸಿದರೆ ಹೋಗುವಾಗ ಬಿಳಿ ಸಿಮೆಂಟಿನಲ್ಲಿ ತುಂಬಿಬಿಡಬಹುದು. ಸಂದಿ ಸಿಗದಿದ್ದರೆ ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ಆಫ್ ಮಾಡಿ, ಟೈಲ್ಸ್ ದಾಟುವವರೆಗೆ ಬರೀ ತಿರುಗಿಸಿ ಕೊರೆಯಲು ಹೇಳಬೇಕು. ತೂತೇ ಬೇಡ ಎನ್ನುವ ಮಾಲೀಕರಿದ್ದರೆ ಕಡಪ ಕಲ್ಲಿನ ಕಟ್ಟೆಯ ಮೇಲೆ ಇಡುವ ಮಾದರಿಗಳೂ ಇವೆ.

ನೀರಿನ ಜೋಡಣೆಯಲ್ಲಿ ತೊಂದರೆ ಕೊಡುವುದು ಆ ಟೀ ವಾಲ್ವೇ. ಅದನ್ನು ಆಂಗಲ್ ಕಾಕ್‌ಗೂ ನಲ್ಲಿಯ ಪೈಪಿಗೂ ನಡುವೆ ಕೂರಿಸುತ್ತಾರೆ. ಬಿಚ್ಚುವಾಗ ಅದನ್ನು ಕಿತ್ತು, ಮೊದಲಿನ ಪೈಪನ್ನು ಟೆಫ್ಲಾನ್ ಟೇಪ್ ಸುತ್ತಿ ಸೇರಿಸಬೇಕು. ಬಿಗಿಯಾಗಿ ಕೂರದಿದ್ದರೆ ಸಿಂಕಿನ ಕೆಳಗೆ ಹನಿ ಬೀಳುತ್ತದೆ, ಪ್ಲೈವುಡ್ ಕಪಾಟು ಒಂದು ತಿಂಗಳಲ್ಲಿ ಉಬ್ಬುತ್ತದೆ. ಖಾಲಿ ಮನೆಯಲ್ಲಿ ಇದನ್ನು ನೋಡುವವರೂ ಇರುವುದಿಲ್ಲ. ಬಿಚ್ಚಿದ ಮೇಲೆ ಸೇರಿಕೆಯ ಸುತ್ತ ಒಣ ನ್ಯೂಸ್‌ಪೇಪರ್ ತುಂಡು ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಸೋರಿಕೆ ಇದ್ದರೆ ಗೊತ್ತಾಗುತ್ತದೆ.

ಫಿಲ್ಟರಿನ ವಿಷಯದಲ್ಲಿ ಒಯ್ಯಬೇಕೋ ಬಿಡಬೇಕೋ ಎನ್ನುವುದನ್ನು ನಿರ್ಧರಿಸುವುದು ಮುಂದಿನ ಮನೆಯ ನೀರು. ಬೋರ್‌ವೆಲ್ ನೀರಿನ ಮನೆಗೆಂದು ಆರ್‌ಒ ತಂದಿರುತ್ತೀರಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿನವರೆಗೆ ಇದ್ದರೆ ಅಡ್ಡಿಯಿಲ್ಲ ಎನ್ನುತ್ತದೆ ಭಾರತೀಯ ಮಾನಕ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡವೆಂದು ಹೇಳಿತ್ತು. ಕಾವೇರಿ ನೀರು ಬರುವ ಬಡಾವಣೆಗೆ ಹೋಗುತ್ತಿದ್ದರೆ ಅದೇ ಆರ್‌ಒ ಅಲ್ಲಿ ಒಂದು ಲೀಟರ್ ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಸಿಂಕಿಗೆ ಸುರಿಯುತ್ತ, ಇಲ್ಲದ ಉಪ್ಪನ್ನು ಸೋಸುತ್ತ ಕೂರುತ್ತದೆ. ಟಿಡಿಎಸ್ ಮೀಟರು ಪೆನ್ನಿನಷ್ಟು ಸಣ್ಣದು, ಬೆಲೆಯೂ ಕಡಿಮೆ. ಹೊಸ ಮನೆಯ ಅಡ್ವಾನ್ಸ್ ಕೊಡುವ ದಿನ ಅದನ್ನು ಅಲ್ಲಿನ ನಲ್ಲಿ ನೀರಿಗೆ ಅದ್ದಿ ನೋಡಿದರೆ ಉತ್ತರ ಸಿಗುತ್ತದೆ.

ತಿಂಗಳ ಬಾಡಿಗೆಗೆ ಫಿಲ್ಟರ್ ಕೊಡುವ ಕಂಪನಿಗಳೂ ಈಗ ಇವೆ. ಹಾಗೆ ತಂದದ್ದಾದರೆ ಯಂತ್ರ ನಿಮ್ಮದೂ ಅಲ್ಲ, ಮಾಲೀಕರದೂ ಅಲ್ಲ. ಈ ಮಾತನ್ನು ಮಾಲೀಕರಿಗೆ ಮೊದಲೇ ತಿಳಿಸಿರಬೇಕು.

## ಕೇಳುವ ಹೊತ್ತು, ಕೇಳುವ ಮಾತು

ಕೇಳಲು ಒಳ್ಳೆಯ ಹೊತ್ತು ಅಡ್ವಾನ್ಸ್ ಕೊಡುವ ಮೊದಲು. ಆಗ ಮನೆ ಖಾಲಿ ಇರುತ್ತದೆ, ಮಾಲೀಕರಿಗೂ ಬಾಡಿಗೆದಾರರು ಬೇಕಿರುತ್ತಾರೆ. ಎರಡನೆಯ ಒಳ್ಳೆಯ ಹೊತ್ತು ಹನ್ನೊಂದು ತಿಂಗಳ ಕರಾರು ಹೊಸದಾಗಿ ಬರೆಯುವಾಗ. ಏಪ್ರಿಲ್ ಸೆಖೆಯಲ್ಲಿ, ಏಸಿ ಡೆಲಿವರಿ ಗಾಡಿ ಗೇಟಿನ ಮುಂದೆ ನಿಂತಿರುವಾಗ ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು.

ಏಸಿ ಹಾಕಿಸಬಹುದಾ ಎಂದು ಬರಿದೇ ಕೇಳಿದರೆ ಬೇಡ ಎನ್ನುವುದೇ ಸುಲಭದ ಉತ್ತರ. ಕೆಳಗಿನ ಮನೆಯಲ್ಲೇ ಮಾಲೀಕರಿರುವ ರಾಜಾಜಿನಗರದಂಥ ಹಳೆಯ ಬಡಾವಣೆಯಲ್ಲಿ ಮಾತು ಹೀಗೆ ಸಾಗಿದರೆ ಕೆಲಸ ಹಗುರ:

"ಅಂಕಲ್, ಹಿಂದಿನ ರೂಮಿಗೆ ಒಂದು ಏಸಿ ಹಾಕಿಸೋಣ ಅಂತಿದ್ದೀನಿ. ರಸ್ತೆ ಕಡೆ ಗೋಡೆ ಮುಟ್ಟಲ್ಲ. ಬನ್ನಿ, ಎಲ್ಲಿ ತೂತು ಬರುತ್ತೆ ತೋರಿಸ್ತೀನಿ."

"ಗೋಡೆ ಒಡೀತಾರಪ್ಪ ಅವರು. ಹೋದ ಸಲದವರು ಟಿವಿಗೆ ಅಂತ ಬಡಿದು ಹಾಳು ಮಾಡಿ ಹೋದ್ರು."

"ಕೋರ್ ಕಟಿಂಗ್ ಮಾಡಿಸ್ತೀನಿ ಅಂಕಲ್, ಆ ದಿನ ನೀವೂ ನಿಂತು ನೋಡಿ. ಹೋಗುವಾಗ ಮುಚ್ಚಿಸಿಕೊಡೋದು ನನ್ನ ಜವಾಬ್ದಾರಿ, ಬರೆದುಕೊಡ್ತೀನಿ."

"ನೀರು ಪಕ್ಕದ ಮನೆ ಮೇಲೆ ಬೀಳಬಾರದು ನೋಡು. ಆಯಮ್ಮ ನನ್ನ ಹತ್ರ ಬರ್ತಾರೆ."

ಆ ಕೊನೆಯ ಮಾತು ಬಂದಿತೆಂದರೆ ಒಪ್ಪಿಗೆ ಬಂತೆಂದೇ ಅರ್ಥ. ಡ್ರೈನ್ ಪೈಪನ್ನು ಗಾಳಿಯಲ್ಲಿ ತೂಗಬಿಡದೆ ಮಳೆನೀರಿನ ಕೊಳವೆಗೋ ಬಚ್ಚಲ ಮೋರಿಗೋ ಮುಟ್ಟಿಸುತ್ತೇನೆಂದು ಹೇಳಿದರೆ ಪಕ್ಕದ ಮನೆಯ ವಿಷಯವೂ ಮುಗಿಯುತ್ತದೆ. ಅದೇ ಸಂಜೆ, ಮಾತಾದದ್ದನ್ನು ವಾಟ್ಸ್ಯಾಪಿನಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ, ಅವರಿಂದ "ಓಕೆ" ಬರುವವರೆಗೆ ಏಸಿ ಆರ್ಡರ್ ಮಾಡದಿರುವುದು ಕ್ಷೇಮ.

## ಬರೆದಿಡುವ ಅರ್ಧ ಪುಟ

ಮೆಸೇಜು ಸಾಕ್ಷಿಯಾಗುತ್ತದೆ, ಆದರೆ ಅದರಲ್ಲಿ ವಿವರ ಇರುವುದಿಲ್ಲ. ಕರಾರುಪತ್ರಕ್ಕೆ ಸೇರಿಸುವ ಅರ್ಧ ಪುಟದ ಒಪ್ಪಂದವಿದ್ದರೆ ಎರಡು ವರ್ಷದ ನಂತರ ನೆನಪಿನ ಮೇಲೆ ಜಗಳವಾಗದು. ಭಾಷೆ ವಕೀಲರದ್ದೇ ಆಗಬೇಕಿಲ್ಲ. ಹೀಗಿದ್ದರೆ ಸಾಕು:

"ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಹಿಂದಿನ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಒಂದು ಸ್ಪ್ಲಿಟ್ ಏಸಿ, ಅಡುಗೆಮನೆಗೆ ಒಂದು ವಾಟರ್ ಫಿಲ್ಟರ್ ಹಾಕಿಸಲು ಮಾಲೀಕರು ಒಪ್ಪಿದ್ದಾರೆ. ಎರಡೂ ಬಾಡಿಗೆದಾರರ ಸ್ವತ್ತು. ಏಸಿಗಾಗಿ ಹೊಸದಾಗಿ ಎಳೆಸಿದ ವೈರು, ಎಂಸಿಬಿ ಮತ್ತು ಸಾಕೆಟ್ಟಿನ ಖರ್ಚು ಇಬ್ಬರದೂ ಅರ್ಧರ್ಧ; ಅವು ಮನೆಯಲ್ಲೇ ಉಳಿಯತಕ್ಕದ್ದು. ಮನೆ ಬಿಡುವಾಗ ಏಸಿಯನ್ನು ಕೊಳ್ಳುವ ಮೊದಲ ಅವಕಾಶ ಮಾಲೀಕರಿಗೆ. ಬೆಲೆ: ಬಿಲ್ಲಿನ ಮೊತ್ತದಲ್ಲಿ ವರ್ಷಕ್ಕೆ ಶೇ. 20ರಂತೆ ಕಳೆದು ಉಳಿದದ್ದು. ಖಾಲಿ ಮಾಡುವ ದಿನಕ್ಕೆ ಹದಿನೈದು ದಿನ ಮೊದಲು ಮಾಲೀಕರು ತಿಳಿಸದಿದ್ದರೆ ಬಾಡಿಗೆದಾರರು ಬಿಚ್ಚಿಕೊಂಡು ಹೋಗಬಹುದು. ಬಿಚ್ಚಿದರೆ ಗೋಡೆಯ ತೂತಿಗೆ ಎರಡೂ ಕಡೆ ಮುಚ್ಚಳ ಹಾಕಿಸಿ, ಸ್ಕ್ರೂ ಗುರುತುಗಳನ್ನು ಪುಟ್ಟಿಯಿಂದ ತುಂಬಿಸಿ ಕೊಡಬೇಕು. ಇದರ ಹೊರತು ಈ ಎರಡು ಯಂತ್ರಗಳ ಬಾಬ್ತು ಅಡ್ವಾನ್ಸ್‌ನಲ್ಲಿ ಕಡಿತ ಇರುವುದಿಲ್ಲ."

ಶೇ. 20 ಎಂಬುದು ಕಾನೂನಿನ ಲೆಕ್ಕವಲ್ಲ, ಇಬ್ಬರೂ ಒಪ್ಪಿದ ಲೆಕ್ಕ. ಹದಿನೈದೂ ಆಗಬಹುದು, ಇಪ್ಪತ್ತೈದೂ ಆಗಬಹುದು. ಸಂಖ್ಯೆ ಎಷ್ಟೇ ಇರಲಿ, ಅದನ್ನು ಮನೆಗೆ ಬರುವಾಗಲೇ ಬರೆದಿಡಬೇಕು. ಹೋಗುವಾಗ ಚೌಕಾಸಿಗೆ ಕೂತರೆ ಅಡ್ವಾನ್ಸ್ ಅವರ ಕೈಯಲ್ಲಿರುತ್ತದೆ, ಲಾರಿ ನಿಮ್ಮ ಬಾಗಿಲಲ್ಲಿರುತ್ತದೆ.

ಒಪ್ಪಂದದ ಕೊನೆಯ ವಾಕ್ಯದ ಹಿಂದೆ ಒಂದು ಕಾರಣವಿದೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯಿದೆ. ಏಸಿ ಇದ್ದ ಜಾಗದಲ್ಲಿ ಗೋಡೆ ಬೇರೆ ಬಣ್ಣಕ್ಕೆ ಕಾಣುತ್ತದೆಂದು ಮತ್ತೆ ಎರಡು ಸಾವಿರ ಹಿಡಿದರೆ ಒಂದೇ ಗೋಡೆಗೆ ಎರಡು ಸಲ ಬಣ್ಣದ ದುಡ್ಡು ಕೊಟ್ಟಂತಾಯಿತು. ತೂತಿಗೂ ಪುಟ್ಟಿಗೂ ಕೊಡಬೇಕಾದದ್ದು ಕೊಡೋಣ, ಬಣ್ಣ ಆಗಲೇ ಲೆಕ್ಕಕ್ಕೆ ಬಂದಿದೆ.

## ಒಂದು ಮನೆಯ ಲೆಕ್ಕ

ಮೇಲಿನ ಒಪ್ಪಂದದ ಮನೆಯನ್ನೇ ತೆಗೆದುಕೊಳ್ಳೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಏಸಿಯ ಬಿಲ್ 38,000 ರೂಪಾಯಿ. ವೈರಿಂಗಿಗೆ ಆದ 4,400ರಲ್ಲಿ ಮಾಲೀಕರು 2,200 ರೂಪಾಯಿಯನ್ನು ಮುಂದಿನ ತಿಂಗಳ ಬಾಡಿಗೆಯಲ್ಲಿ ಬಿಟ್ಟುಕೊಟ್ಟರು. ಫಿಲ್ಟರಿಗೆ 14,000. ಎರಡು ವರ್ಷವಾಯಿತು, ಬಾಡಿಗೆದಾರರು ಕೆಂಗೇರಿ ಕಡೆಗೆ ಹೊರಟರು.

ಒಪ್ಪಂದದ ಪ್ರಕಾರ ಏಸಿಯ ಬೆಲೆ ವರ್ಷಕ್ಕೆ 7,600ರಂತೆ ಎರಡು ವರ್ಷಕ್ಕೆ 15,200 ಕಳೆದು 22,800 ರೂಪಾಯಿ. ಬಿಚ್ಚಿ ಒಯ್ಯುವ ಖರ್ಚನ್ನೂ ನೋಡಬೇಕು: ಬಿಚ್ಚಲು 800, ಹೊಸ ಮನೆಯಲ್ಲಿ ಕೂರಿಸಲು 1,800, ಹಳೆಯ ತಾಮ್ರದ ಪೈಪು ಬಾಗಿಸಿ ಬಿಚ್ಚಿದ್ದು ಮತ್ತೆ ಸರಿಹೋಗದೆ ಹೊಸ ಪೈಪಿಗೆ 2,400, ಹಳೆಯ ತೂತಿನ ಮುಚ್ಚಳ, ಪುಟ್ಟಿಗೆ 500. ಒಟ್ಟು 5,500. ಗ್ಯಾಸ್ ಹೋಗಿಬಿಟ್ಟರೆ ಅದಕ್ಕೆ ಇನ್ನೂ ಬೇರೆ. ಅಂದರೆ ಇಲ್ಲೇ ಬಿಟ್ಟು 20,000 ಸಿಕ್ಕಿದರೂ ಹೆಚ್ಚೇನೂ ನಷ್ಟವಿಲ್ಲ, ಅದಕ್ಕಿಂತ ತೀರ ಕೆಳಗಿಳಿದರೆ ಒಯ್ಯುವುದೇ ಮೇಲು. ಮಾಲೀಕರು 21,000ಕ್ಕೆ ಒಪ್ಪಿದರು. ಅಡ್ವಾನ್ಸ್ ಜೊತೆ ಆ ಮೊತ್ತವನ್ನೂ ಬ್ಯಾಂಕಿಗೆ ಹಾಕಿದರು. ಬಾಡಿಗೆದಾರರು ಮೂಲ ಬಿಲ್ಲನ್ನೂ ವಾರಂಟಿ ಕಾರ್ಡನ್ನೂ ರಿಮೋಟನ್ನೂ ಕೊಟ್ಟು, "ಏಸಿ ಮಾರಿದ್ದೇನೆ, ಹಣ ಬಂದಿದೆ" ಎಂಬ ಒಂದು ಸಾಲನ್ನು ಬರೆದು ಸಹಿ ಮಾಡಿದರು. ಕಂಪ್ರೆಸರಿಗೆ ವಾರಂಟಿ ಹಲವು ವರ್ಷ ಇರುವುದರಿಂದ ಬಿಲ್ಲಿಲ್ಲದ ಏಸಿಗೆ ಆ ಬೆಲೆ ಬರುತ್ತಿರಲಿಲ್ಲ.

ಫಿಲ್ಟರಿನ ಕತೆ ಬೇರೆ. ಹೊಸ ಮನೆಯಲ್ಲಿ ಮೀಟರ್ ಅದ್ದಿದರೆ 180 ತೋರಿಸಿತು, ಆರ್‌ಒ ಬೇಕಿರಲಿಲ್ಲ. ಮುಂದೆ ಬರುವ ದಂಪತಿ 4,000ಕ್ಕೆ ಕೊಳ್ಳಲು ಸಿದ್ಧರಿದ್ದರು. ಇಂಥ ಕಡೆ ಮಾಲೀಕರನ್ನು ಬಿಟ್ಟು ಇಬ್ಬರು ಬಾಡಿಗೆದಾರರೇ ವ್ಯವಹಾರ ಮುಗಿಸಿದರೆ ತೊಡಕು ಉಳಿಯುತ್ತದೆ. ನಾಳೆ ಮೋಟಾರ್ ಕೆಟ್ಟರೆ ಹೊಸಬರು, ಇದು ಮನೆಯ ಫಿಲ್ಟರ್, ರಿಪೇರಿ ನಿಮ್ಮದು ಎಂದು ಮಾಲೀಕರನ್ನು ಕೇಳಬಹುದು. ಇಲ್ಲವೇ ಮಾಲೀಕರು, ಮನೆಯ ಜೊತೆ ಬಂದದ್ದು, ಒಯ್ಯಬೇಡಿ ಎಂದು ಹೊಸಬರನ್ನು ತಡೆಯಬಹುದು. ಹೀಗಾಗಿ ಮೂವರೂ ಇರುವ ಒಂದು ವಾಟ್ಸ್ಯಾಪ್ ಗುಂಪಿನಲ್ಲಿ, ಫಿಲ್ಟರನ್ನು ಕೊಂಡವರು ಇವರು, ಟೈಲ್ಸಿನ ಎರಡು ತೂತಿನ ಹೊಣೆಯೂ ಇನ್ನು ಇವರದೇ ಎಂದು ಬರೆದರು. ಈ ಎರಡನೆಯ ಅರ್ಧವನ್ನು ಬರೆಯದಿದ್ದರೆ ತೂತಿನ ದುಡ್ಡು ಹಳಬರ ಅಡ್ವಾನ್ಸಿನಲ್ಲೇ ಕಡಿತವಾಗುತ್ತಿತ್ತು.

## ಬಿಚ್ಚುವ ದಿನ

ಏಸಿಯನ್ನು ಒಯ್ಯುವವರು ಗಮನಿಸಬೇಕಾದದ್ದು ಗ್ಯಾಸ್. ಬಿಚ್ಚುವ ಮೊದಲು ಅದನ್ನೆಲ್ಲ ಹೊರಗಿನ ಯೂನಿಟ್ಟಿನೊಳಗೆ ಎಳೆದು ಕೂಡಿಹಾಕಬೇಕು. ಮೆಕ್ಯಾನಿಕ್‌ಗಳು ಇದನ್ನು ಪಂಪ್ ಡೌನ್ ಎನ್ನುತ್ತಾರೆ. ಏಸಿಯನ್ನು ತಂಪಿಗೆ ಹಾಕಿ ಕಂಪ್ರೆಸರ್ ಓಡುತ್ತಿರುವಾಗಲೇ ಮೊದಲು ತೆಳು ಪೈಪಿನ ವಾಲ್ವನ್ನು ಅಲೆನ್ ಕೀಲಿಯಿಂದ ಮುಚ್ಚುತ್ತಾರೆ. ಪೈಪುಗಳಲ್ಲಿದ್ದ ಗ್ಯಾಸ್ ಒಳಕ್ಕೆ ಬರಲು ಸ್ವಲ್ಪ ಹೊತ್ತು ಕೊಟ್ಟು, ಆಮೇಲೆ ದಪ್ಪ ಪೈಪಿನದನ್ನು ಮುಚ್ಚಿ, ತಕ್ಷಣ ಏಸಿ ಆಫ್ ಮಾಡುತ್ತಾರೆ. ಇದಕ್ಕೆ ಕರೆಂಟ್ ಬೇಕು. ಪ್ಯಾಕರ್‌ಗಳ ಹುಡುಗರು ಏಸಿ ಆನ್ ಮಾಡದೆಯೇ ನೇರ ಸ್ಪ್ಯಾನರ್ ಹಾಕಿ ನಟ್ಟು ಸಡಿಲಿಸಿದರೆ, ಜೋರಾಗಿ ಬುಸ್ಸೆಂದ ಸದ್ದು ಬಹಳ ಹೊತ್ತು ನಿಲ್ಲದಿದ್ದರೆ, ಗ್ಯಾಸ್ ಹೋಯಿತೆಂದೇ ಲೆಕ್ಕ. ಸರಿಯಾಗಿ ಪಂಪ್ ಡೌನ್ ಆಗಿದ್ದರೆ ಸಣ್ಣ ಉಸಿರಿನಷ್ಟೇ ಸದ್ದು ಬಂದು ನಿಲ್ಲುತ್ತದೆ. ಮನೆ ಸಾಗಿಸುವವರ ಜೊತೆ ಬರುವ ಆಳಿಗಿಂತ ಏಸಿ ಕೆಲಸದವನನ್ನೇ ಹಿಂದಿನ ದಿನ ಕರೆಸುವುದು ಇದಕ್ಕೇ.

ಫಿಲ್ಟರನ್ನು ಒಯ್ಯುವುದಾದರೆ ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಬೇಕು, ಆದರೆ ಒಳಗಿನ ಆರ್‌ಒ ಮೆಂಬ್ರೇನ್ ಒಣಗಿಹೋಗಬಾರದು. ಮೂರ್ನಾಲ್ಕು ದಿನದಲ್ಲಿ ಮತ್ತೆ ಜೋಡಿಸುವುದಾದರೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ಡಬ್ಬದಲ್ಲಿಟ್ಟರೆ ಹೊಸ ಮನೆಯಲ್ಲಿ ಮೆಂಬ್ರೇನಿಗೂ ದುಡ್ಡು ಎತ್ತಿಡಬೇಕು.

ಯಂತ್ರಗಳು ಇಳಿದ ಮೇಲೆ ಗೋಡೆಯ ಎರಡೂ ಬದಿಯ ಮುಚ್ಚಳ, ಪುಟ್ಟಿ ಹಚ್ಚಿದ ಜಾಗ, ಸಿಂಕಿನ ಕೆಳಗಿನ ಒಣ ಕಪಾಟು, ಎಂಸಿಬಿ ಇರುವ ಬೋರ್ಡು, ಇವುಗಳ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಅವರನ್ನು ಮೇಲಕ್ಕೆ ಕರೆದು ತೋರಿಸಿ, ಅಡ್ವಾನ್ಸಿನ ಲೆಕ್ಕ ಬರೆದುಕೊಂಡು, ಆಮೇಲೆ ಬೀಗದ ಕೈ ಕೊಡಬೇಕು. ಡೂಪ್ಲಿಕೇಟ್ ಕೀ ಅಡುಗೆಮನೆಯ ಮೊಳೆಗೆ ತೂಗುಹಾಕಿರುವುದು ಎಲ್ಲರಿಗೂ ಮರೆತುಹೋಗುತ್ತದೆ, ಅದನ್ನೂ ಕೊಡಬೇಕು.